ಬಸ್ಸಿನಲ್ಲಿ ಮತ್ತೆ ಪ್ಯಾನಿಕ್ ಬಂತು: ಸುಧಾರಣೆ ನಿಂತಿದೆಯಾ, ನಡೆಯುತ್ತಿದೆಯಾ?

ಪ್ರಶ್ನೆ: ಐದು ತಿಂಗಳಿಂದ ಪ್ಯಾನಿಕ್ ಅಟ್ಯಾಕ್‌ಗೆ ಮಾತ್ರೆ, ಕೌನ್ಸೆಲಿಂಗ್ ಎರಡೂ ನಡೀತಿದೆ. ಹೆಚ್ಚುಕಮ್ಮಿ ಒಂದು ತಿಂಗಳು ಆರಾಮಾಗಿದ್ದೆ. ಮೊನ್ನೆ ಬಸ್ಸಲ್ಲಿ ಮತ್ತೆ ಬಂತು, ಅರ್ಧ ದಾರಿಯಲ್ಲಿ ಇಳಿದುಬಿಟ್ಟೆ. ಮತ್ತೆ ಮೊದಲಿಗೇ ಬಂದುಬಿಟ್ಟೆನಾ? ಸುಧಾರಿಸ್ತಿದ್ದೀನೋ ಇಲ್ವೋ ಗೊತ್ತಾಗೋದು ಹೇಗೆ?

ಒಂದು ಅಟ್ಯಾಕ್ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಅದು ಬಂದುಹೋದ ಮೇಲೆ ನಾಲ್ಕೈದು ದಿನ ನೀವು ಏನು ಮಾಡಿದಿರಿ ಅನ್ನುವುದನ್ನು ನೋಡಿದರೆ ಹೇಳಬಹುದು. ಮತ್ತೆ ಬಸ್ ಹತ್ತಿದಿರಾ? ಅಂಗಡಿಗೆ, ಕೆಲಸಕ್ಕೆ ಹೋದಿರಾ? ಹೋಗಿದ್ದರೆ ನೀವು ಮೊದಲಿನ ಜಾಗದಲ್ಲಿ ಇಲ್ಲ. ಹೋಗಿಲ್ಲದಿದ್ದರೂ ತಡವಾಗಿಲ್ಲ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಹುಬ್ಬಳ್ಳಿಯಲ್ಲಿ ಕೆಲಸ. ನೀವು ಕೇಳಿದ್ದನ್ನೇ ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಕೇಳುತ್ತಾರೆ, ಅದೂ ಚಿಕಿತ್ಸೆಯ ಮಧ್ಯದಲ್ಲಿ. ಎಲ್ಲರೂ ಒಂದೇ ಅಳತೆ ಹಿಡಿದಿರುತ್ತಾರೆ: "ಇವತ್ತು ಎಷ್ಟು ಗಾಬರಿ ಆಯಿತು?" ಸುಧಾರಣೆ ಅಳೆಯಲು ಇದೊಂದೇ ಸಾಲದು. ಮನೆಯಲ್ಲೇ ಇದ್ದವರಿಗೆ ಹತ್ತಕ್ಕೆ ಎರಡು ಗಾಬರಿ ಇರಬಹುದು. ಅದೇ ವ್ಯಕ್ತಿ ಧೈರ್ಯ ಮಾಡಿ ಬಸ್ ಹತ್ತಿದ ದಿನ ಅದು ಏಳಕ್ಕೆ ಹೋಗುತ್ತದೆ. ಅಂಕ ಮಾತ್ರ ನೋಡಿದರೆ ಹದಗೆಟ್ಟ ಹಾಗೆ ಕಾಣುತ್ತದೆ, ನಿಜವಾಗಿ ಸುಧಾರಿಸುತ್ತಿರುವುದು ಆ ದಿನವೇ. ಇದರ ತಿರುಗಾಮುರುಗಾವೂ ಅಷ್ಟೇ ನಿಜ. ಎಲ್ಲೂ ಹೋಗದೆ ತಿಂಗಳು ಪೂರ್ತಿ ಆರಾಮಾಗಿದ್ದರೆ ಅದನ್ನು ನಾನು ಸುಧಾರಣೆ ಅಂತ ಬರೆದುಕೊಳ್ಳುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಒಬ್ಬರ ನೋಟ್‌ಬುಕ್ ತೋರಿಸಿ ಹೇಳಿದರೆ ಸುಲಭ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅವರ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಒಂದು ಸಂಜೆ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಮೊದಲ ಅಟ್ಯಾಕ್ ಬಂತು. ಬಾಗಿಲು ಮುಚ್ಚಿದ ಎಸಿ ಬಸ್ಸು, ಸುತ್ತ ಜನ, ಎದೆ ಡವಡವ, ಕೈಬೆರಳು ಜೋಮು, ತಲೆ ತಿರುಗಿ ಬಿದ್ದೇ ಬಿಡುತ್ತೇನೆ ಅನ್ನುವ ಭಯ. ಅಲ್ಲಿಂದ ಐದು ತಿಂಗಳು ಬಸ್ ಮುಟ್ಟಲಿಲ್ಲ. ಗಂಡ ಬೈಕಿನಲ್ಲಿ ಬಿಟ್ಟು, ಕರೆದುಕೊಂಡು ಬರುತ್ತಿದ್ದರು. ಇಸಿಜಿ, ಥೈರಾಯ್ಡ್ ಎಲ್ಲ ನೋಡಿಸಿ, ತೊಂದರೆ ಇಲ್ಲ ಅಂತ ಆದ ಮೇಲೆ ನನ್ನ ಹತ್ತಿರ ಬಂದರು.

ಪ್ರತಿ ರಾತ್ರಿ ಐದು ನಿಮಿಷ ಬರೆಯಿರಿ ಅಂದೆ. ಎಲ್ಲಿಂದ ಎಲ್ಲಿಗೆ, ಯಾರ ಜೊತೆ ಹೋದಿರಿ. ಹೋಗುವ ಮುಂಚೆ ಏನಾಗುತ್ತದೆ ಅಂತ ಹೆದರಿದ್ದಿರಿ, ಅದು ಆಗೇ ಆಗುತ್ತದೆ ಅಂತ ನೂರಕ್ಕೆ ಎಷ್ಟು ನಂಬಿಕೆ ಇತ್ತು. ನಿಜವಾಗಿ ಏನಾಯಿತು. ಧೈರ್ಯಕ್ಕೆ ಅಂತ ಯಾವ ಆಸರೆ ಇಟ್ಟುಕೊಂಡಿದ್ದಿರಿ. ಆಮೇಲೆ ಮಾಮೂಲಿ ಕೆಲಸಕ್ಕೆ ಮರಳಲು ಎಷ್ಟು ಹೊತ್ತು ಬೇಕಾಯಿತು. ಗಾಬರಿಯ ಅಂಕವೂ ಇರಲಿ, ಆದರೆ ಕೊನೆಯಲ್ಲಿ.

ಮೊದಲ ವಾರದ ಒಂದು ಪುಟ ಹೀಗಿತ್ತು: "ಟೋಲ್ ನಾಕಾದಿಂದ ವಿದ್ಯಾಗಿರಿ, ಗಂಡ ಜೊತೆಗೆ. ತಲೆ ತಿರುಗಿ ಬೀಳ್ತೀನಿ, 90. ಬೀಳಲಿಲ್ಲ. ನೀರಿನ ಬಾಟಲಿ, ಪರ್ಸಲ್ಲಿ ಮಾತ್ರೆ, ಬಾಗಿಲ ಹತ್ತಿರದ ಸೀಟು. ಸಂಜೆವರೆಗೂ ಮಲಗಿದ್ದೆ. ಗಾಬರಿ 8."

ಆರನೇ ವಾರ: "ಧಾರವಾಡದಿಂದ ನವನಗರ, ಒಬ್ಬಳೇ. ಬೀಳ್ತೀನಿ, 40. ಬೀಳಲಿಲ್ಲ. ಬಾಟಲಿ ಇತ್ತು, ಕುಡಿಯಲಿಲ್ಲ. ಇಳಿದು ತರಕಾರಿ ತಗೊಂಡು ಬಂದೆ. ಗಾಬರಿ 7."

ಇದನ್ನು ತೋರಿಸಿ ಅವರು ಬೇಜಾರಿನಿಂದ ಕೇಳಿದರು, "ಆರು ವಾರ ಆಯ್ತು, ಎಂಟು ಇದ್ದಿದ್ದು ಏಳಾಗಿದೆ. ಇಷ್ಟೇನಾ?" ನಾನು ಎರಡೂ ಪುಟ ಪಕ್ಕಪಕ್ಕ ಇಟ್ಟೆ. ದೂರ ಬೆಳೆದಿದೆ. ಗಂಡ ಜೊತೆಗಿಲ್ಲ. ಬೀಳುವ ನಂಬಿಕೆ ಅರ್ಧಕ್ಕಿಂತ ಕೆಳಗೆ ಬಂದಿದೆ. ಸಂಜೆವರೆಗೆ ಮಲಗುತ್ತಿದ್ದವರು ತರಕಾರಿ ಅಂಗಡಿಗೆ ಹೋಗಿದ್ದಾರೆ. ಪ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಮೊದಲು ಬದಲಾಗುವುದು ಇವು. ಮೈಯ ಗಾಬರಿ ನಿಧಾನಕ್ಕೆ ಹಿಂದಿನಿಂದ ಬರುತ್ತದೆ.

ನಂಬಿಕೆಯ ಆ ಅಂಕಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಜನ ತಲೆ ತಿರುಗಿ ಬೀಳುವುದು ಸಾಮಾನ್ಯವಾಗಿ ಬಿಪಿ ಇಳಿದಾಗ. ಪ್ಯಾನಿಕ್‌ನಲ್ಲಿ ಎದೆಬಡಿತದ ಜೊತೆ ಬಿಪಿ ಸ್ವಲ್ಪ ಏರುತ್ತದೆ, ಹಾಗಾಗಿ ಅದರಿಂದ ಎಚ್ಚರ ತಪ್ಪಿ ಬೀಳುವುದು ಅಪರೂಪ. ಇದನ್ನು ನಾನು ಬಾಯಲ್ಲಿ ಹೇಳಿದಾಗ ಅವರು ತಲೆಯಾಡಿಸಿದ್ದರು, ಅಷ್ಟೇ. ಮೈಗೆ ಅದು ಗೊತ್ತಾಗಿದ್ದು ಬಸ್ಸಿನಲ್ಲಿ, ಪ್ರತಿ ಸಲ ಬೀಳದೇ ಇದ್ದಾಗ.

ಆಸರೆಗಳ ವಿಷಯಕ್ಕೆ ಬರೋಣ. ಸಣ್ಣ ಗೆಲುವು ಕಣ್ಣಿಗೆ ಬೀಳದೆ ಜಾರಿಹೋಗುವುದು ಇಲ್ಲೇ. ಪರ್ಸಿನಲ್ಲಿದ್ದ ಮಾತ್ರೆಯನ್ನು ಅವರು ಯಾವತ್ತೂ ನುಂಗಿದವರಲ್ಲ, ಸುಮ್ನೆ ಇಟ್ಟುಕೊಂಡಿದ್ದರು. ಆದರೆ ಏನೂ ಆಗದಿದ್ದ ದಿನ ಮನಸ್ಸು ಆ ಹೆಗ್ಗಳಿಕೆಯನ್ನು ಮಾತ್ರೆಗೆ ಕೊಟ್ಟುಬಿಡುತ್ತದೆ: "ಅದು ಇತ್ತಲ್ಲ, ಅದಕ್ಕೇ ಏನೂ ಆಗಲಿಲ್ಲ." ಅದಕ್ಕೆ ಒಂದೊಂದೇ ಆಸರೆ ಬಿಡುವುದೂ ಚಿಕಿತ್ಸೆಯ ಭಾಗ. ಒಂದು ದಿನ ಅವರು ರಾಯಾಪುರ ದಾಟಿದ ಮೇಲೆ ಬ್ಯಾಗಿಗೆ ಕೈ ಹಾಕಿದರೆ ಬಾಟಲಿ ಇಲ್ಲ, ಮನೆಯಲ್ಲೇ ಮರೆತಿದ್ದರು. ಅದನ್ನು ಅವರು ಬರೆದೂ ಇರಲಿಲ್ಲ, ಮಾತಿನ ಮಧ್ಯೆ ಹೇಳಿದರು. ಮೂರು ತಿಂಗಳ ಹಿಂದೆ ಬಾಟಲಿ ಇಲ್ಲದೆ ಗೇಟು ದಾಟದವರಿಗೆ ಅದು ಮರೆತುಹೋಗಿದೆ ಅಂದರೆ ತುಂಬಾ ದೊಡ್ಡ ಸುದ್ದಿ! ಮಾಡದೇ ಉಳಿದದ್ದು ಹೀಗೆ ನೆನಪಿಗೇ ಬರುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಮನೆಯವರನ್ನು ಕೇಳಿ: "ಈ ವಾರ ನಾನು ಎಷ್ಟು ಸಲ 'ನನಗೇನೂ ಆಗಲ್ಲ ಅಲ್ವಾ' ಅಂತ ಕೇಳಿದೆ?" ಅವರಿಗೆ ಸರಿಯಾಗಿ ನೆನಪಿರುತ್ತದೆ.

ಒಂಬತ್ತನೇ ವಾರ ಅವರಿಗೂ ನಿಮ್ಮ ಹಾಗೇ ಆಯಿತು. ತಂಗಿಯ ಮದುವೆ, ನಾಲ್ಕು ರಾತ್ರಿ ಸರಿಯಾದ ನಿದ್ದೆ ಇಲ್ಲ, ಕಾಫಿ ಮೇಲೆ ಕಾಫಿ. ಹತ್ತು ದಿನ ಬಸ್ ಹತ್ತಿರಲಿಲ್ಲ. ಮತ್ತೆ ಹತ್ತಿದ್ದು ಸಂಜೆ ರಶ್ಶಿನಲ್ಲಿ. ಉಣಕಲ್‌ನಲ್ಲಿ ಇಳಿದು, ಆಟೋ ಹಿಡಿದು ಮನೆಗೆ ಹೋಗಿ, "ಎಲ್ಲಾ ಹೋಯ್ತು" ಅಂತ ಮೆಸೇಜ್ ಹಾಕಿದರು.

ಎಲ್ಲಾ ಹೋಗಿರಲಿಲ್ಲ. ಚಿಕಿತ್ಸೆಯಲ್ಲಿ ಹಳೆಯ ಭಯ ಅಳಿಸಿಹೋಗುವುದಿಲ್ಲ. "ಬಸ್ಸಲ್ಲಿ ಏನೂ ಆಗಲ್ಲ" ಅನ್ನುವ ಹೊಸ ಕಲಿಕೆ ಅದರ ಜೊತೆಗೆ ಬೆಳೆಯುತ್ತದೆ, ದಿನ ಕಳೆದಂತೆ ಅದರದ್ದೇ ಮೇಲುಗೈ ಆಗುತ್ತದೆ. ಅಭ್ಯಾಸಕ್ಕೆ ಬಿಡುವು ಬಿದ್ದರೆ, ಮೈ ಸೋತಿದ್ದರೆ, ಸನ್ನಿವೇಶ ಬದಲಾದರೆ ಹಳೆಯದು ಮತ್ತೆ ತಲೆ ಎತ್ತಬಹುದು. ಇವರಿಗೆ ಮೂರೂ ಒಟ್ಟಿಗೆ ಬಂದಿದ್ದವು. ಅಲ್ಲಿಯವರೆಗೆ ಅವರು ಅಭ್ಯಾಸ ಮಾಡಿದ್ದೆಲ್ಲ ಬೆಳಗ್ಗೆ, ಸೀಟಿನಲ್ಲಿ ಕೂತು. ಸಂಜೆ ನಿಂತುಕೊಂಡು ಹೋಗುವುದು ಅವರಿಗೆ ಇನ್ನೂ ಹೊಸದೇ. ಆ ಅಟ್ಯಾಕ್‌ನಿಂದ ನಮಗೆ ಮುಂದಿನ ಕೆಲಸ ಗೊತ್ತಾಯಿತು.

ಮೊದಲ ಅಟ್ಯಾಕ್ ಆದ ಮೇಲೆ ಐದು ತಿಂಗಳು ಬಸ್ ಇಲ್ಲ. ಈ ಸಲ ಮೂರನೇ ದಿನವೇ ಉಣಕಲ್‌ನಿಂದ ಹತ್ತಿ ನವನಗರದವರೆಗೆ ಹೋದರು. ಬೀಳುವ ನಂಬಿಕೆ 70ಕ್ಕೆ ಏರಿತ್ತು, ಎರಡು ವಾರದಲ್ಲಿ 30ಕ್ಕೆ ಬಂತು. ಮೊದಲ ಸಲ ಆರು ವಾರ ಆದರೂ ಅದು 40ಕ್ಕಿಂತ ಕೆಳಗೆ ಬಂದಿರಲಿಲ್ಲ. ಅಟ್ಯಾಕ್ ಬಂತೋ ಇಲ್ಲವೋ ಅನ್ನುವುದಕ್ಕಿಂತ, ಬಂದ ಮೇಲೆ ಎಷ್ಟು ಬೇಗ ಮರಳಿದಿರಿ ಅನ್ನುವುದನ್ನೇ ನಾನು ಮುಖ್ಯ ಅಂತ ನೋಡುತ್ತೇನೆ.

ಬರೆಯುವುದರಲ್ಲೂ ಒಂದು ಅಪಾಯ ಇದೆ. ಕೆಲವರು ದಿನಪೂರ್ತಿ ಅಳೆಯುತ್ತಾರೆ. ಸ್ಮಾರ್ಟ್‌ವಾಚಿನಲ್ಲಿ ಎದೆಬಡಿತ ನೋಡುವುದು, ಗಂಟೆಗೊಮ್ಮೆ ಅಂಕ ಹಾಕುವುದು. ಆಗ ಗಮನವೆಲ್ಲ ಎದೆಯ ಮೇಲೇ ನಿಂತು, ಮಾಮೂಲಿ ಬಡಿತವೂ ಗಾಬರಿ ಹುಟ್ಟಿಸುತ್ತದೆ. ರಾತ್ರಿ ಒಂದು ಸಲ ಬರೆದು ಮುಚ್ಚಿಡಿ, ವಾಚು ಬಿಚ್ಚಿಟ್ಟು ಬಸ್ ಹತ್ತಿ. ಡಾಕ್ಟರು ಜಿಎಡಿ-7 ಅನ್ನುವ ಏಳು ಪ್ರಶ್ನೆಗಳ ಹಾಳೆ ಕೊಟ್ಟಿದ್ದರೆ ಅದು ಹಿಂದಿನ ಎರಡು ವಾರದ ಬಗ್ಗೆ ಕೇಳುತ್ತದೆ, ಹಾಗಾಗಿ ಎರಡು ವಾರಕ್ಕೊಮ್ಮೆ ತುಂಬಿದರೆ ಸಾಕು. ಒಟ್ಟು 21 ಅಂಕ. ಒಂದೆರಡು ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕು ಅಥವಾ ಜಾಸ್ತಿ ಬದಲಾದರೆ ಗಮನ ಕೊಡಿ. ಅದು ಒಟ್ಟಾರೆ ಆತಂಕವನ್ನು ಅಳೆಯುತ್ತದೆ, ನೀವು ಬಸ್ ಹತ್ತಿದಿರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಎಲ್ಲ ಇಳಿತವನ್ನೂ ಸಾಮಾನ್ಯ ಅಂತ ಬಿಡಬಾರದು. ಮೂರ್ನಾಲ್ಕು ವಾರ ಸತತವಾಗಿ ನೀವು ಹೋಗುವ ಜಾಗಗಳು ಕಡಿಮೆಯಾಗುತ್ತಿದ್ದರೆ, ಬಿಟ್ಟ ಆಸರೆಗಳು ಒಂದೊಂದೇ ವಾಪಸ್ ಬರುತ್ತಿದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹೇಳಿ. ಮಾತ್ರೆಯ ಡೋಸ್ ಇತ್ತೀಚೆಗೆ ಬದಲಾಯಿತಾ, ನಡುವೆ ಬಿಟ್ಟುಹೋಯಿತಾ ನೋಡಿ. ಪ್ಯಾನಿಕ್‌ಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಚಡಪಡಿಕೆ ಬರಬಹುದು. ಕಾಯಿಲೆ ಮರುಕಳಿಸಿತು ಅಂತ ಜನ ಇದನ್ನೇ ಅಂದುಕೊಳ್ಳುತ್ತಾರೆ. ಮೆಟ್ಟಿಲು ಹತ್ತುವಾಗ ಎದೆನೋವು, ನಿಜವಾಗಿ ಎಚ್ಚರ ತಪ್ಪುವುದು ಹೊಸದಾಗಿ ಶುರುವಾದರೆ ಅದನ್ನು ಪ್ಯಾನಿಕ್ ಲೆಕ್ಕಕ್ಕೆ ಹಾಕದೆ ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ರಾತ್ರಿ ಮೊನ್ನೆಯ ಬಸ್ಸಿನ ಬಗ್ಗೆ ಒಂದು ಪುಟ ಬರೆಯಿರಿ. ಹಿಂದಿನ ವಾರದ ನಿದ್ದೆ, ಎಷ್ಟು ದಿನದ ಮೇಲೆ ಬಸ್ ಹತ್ತಿದ್ದು, ಕೂತಿದ್ದಿರೋ ನಿಂತಿದ್ದಿರೋ, ಏನಾಗುತ್ತದೆ ಅಂತ ಹೆದರಿದ್ದಿರಿ, ಇಳಿದ ಮೇಲೆ ಆ ದಿನ ಹೇಗೆ ಕಳೆಯಿತು. ಪಕ್ಕದಲ್ಲಿ ಐದು ತಿಂಗಳ ಹಿಂದಿನ ಅಟ್ಯಾಕ್ ಬಗ್ಗೆ ನೆನಪಿದ್ದಷ್ಟು ಅದನ್ನೇ ಬರೆಯಿರಿ. ಆಮೇಲೆ ಈ ವಾರದಲ್ಲೇ ಅದೇ ಬಸ್ಸನ್ನು ರಶ್ ಕಡಿಮೆ ಇರುವ ಹೊತ್ತಿನಲ್ಲಿ ಹತ್ತಿ, ಎರಡು ಸ್ಟಾಪ್ ಸಾಕು. ಗಾಬರಿ ಇಳಿಯಲಿ ಅಂತ ಕಾಯದೆ, ಎಲ್ಲಿ ಇಳಿಯಬೇಕು ಅಂತ ಮೊದಲೇ ತೀರ್ಮಾನಿಸಿಕೊಂಡು ಅಲ್ಲೇ ಇಳಿಯಿರಿ. ಆ ಎರಡು ಪುಟವನ್ನು ಮುಂದಿನ ಸಲ ನಿಮ್ಮ ಕೌನ್ಸೆಲರ್ ಹತ್ತಿರ ತೆಗೆದುಕೊಂಡು ಹೋಗಿ, ಬಿಡಬೇಕಾದ ಮುಂದಿನ ಆಸರೆ ಯಾವುದು ಅಂತ ಕೇಳಿ.