ಉಯ್ಯಾಲೆ ಹತ್ತಿರ ಯಾರೂ ಪೂರ್ತಿ ವಾಕ್ಯ ಹೇಳಲ್ಲ

> ಆರು ವರ್ಷದ ಮಗನಿಗೆ ಕನ್ನಡ, ಇಂಗ್ಲಿಷ್ ವಾಕ್ಯಗಳನ್ನು ಜೋಡಿಯಾಗಿ ಕಲಿಸುತ್ತಿದ್ದೇನೆ. ಮನೆಯಲ್ಲಿ ಚೆನ್ನಾಗಿ ಒಪ್ಪಿಸ್ತಾನೆ, ಆಡುವಾಗ ಒಂದೂ ಬಾಯಿಗೆ ಬರಲ್ಲ. ಯಾಕೆ?

ಇಂಥ ಒಂದು ಜೋಡಿ ನೋಡಿ: ‘ಈಗ ಆಡುವ ಸರದಿ ನನ್ನದು’, ‘ಇಟ್ ಈಸ್ ಮೈ ಟರ್ನ್ ಟು ಪ್ಲೇ ನೌ’. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಉಯ್ಯಾಲೆ ಹತ್ತಿ ಕೂತಿರುತ್ತಾನೆ! ಮಕ್ಕಳು ಕೂಗುವುದು ‘ಈಗ ನಂದು!’, ‘ಮೈ ಟರ್ನ್!’ ಅಂತ ಅಷ್ಟೇ.

ಸ್ವಲ್ಪ ಹೊತ್ತು ಆಟದ ಹತ್ತಿರ ಸುಮ್ನೆ ಕೂತು, ಅವರ ಬಾಯಲ್ಲಿ ಬಂದದ್ದನ್ನು ಹಾಗೇ ಬರೆದುಕೊಳ್ಳಿ. ಪದಕ್ಕೆ ಪದ ಹೊಂದಿಸಬೇಡಿ, ಸಂದರ್ಭಕ್ಕೆ ಹೊಂದಿಸಿ. ‘ನಾನೂ ಬರ್ಲಾ?’ ಅನ್ನುವಲ್ಲಿ ಇಂಗ್ಲಿಷ್ ಮಗು ‘ಕ್ಯಾನ್ ಐ ಪ್ಲೇ?’ ಅನ್ನುತ್ತದೆ. ಎರಡರಲ್ಲೂ ಕ್ರಿಯಾಪದ ಬೇರೆ, ಕೆಲಸ ಒಂದೇ.

ಮೊದಲು ಒಂದೇ ಜೋಡಿ ಸಾಕು. ಚೆಂಡು ನಿಮ್ಮ ಕೈಗೆ ಬಂದಾಗೆಲ್ಲ ನೀವೇ ‘ಮೈ ಟರ್ನ್’ ಅನ್ನಿ, ಅವನಿಂದ ಹೇಳಿಸಬೇಡಿ. ಅವನು ತಾನಾಗೇ ‘ಯುವರ್ ಟರ್ನ್’ ಅಂದ ದಿನ ಮುಂದಿನದಕ್ಕೆ ಹೋಗಿ. ಮಾತನ್ನು ಬಿಡಿಸಿ ಬೇರೆ ಪದ ಕೂಡಿಸಿದ ಅಂದ್ರೆ ಅದು ಬರೀ ಬಾಯಿಪಾಠ ಅಲ್ಲ ಅಲ್ವಾ. ಆಟಿಕೆ ಬೇಕಾದಾಗಲೂ, ನೀರು ಬೇಕಾದಾಗಲೂ ‘ಮೈ ಟರ್ನ್’ ಅಂತಿದ್ದರೆ ಇನ್ನೂ ಅರ್ಥ ಹಿಡಿದಿಲ್ಲ. ಆಗ ತಿದ್ದುವುದಕ್ಕಿಂತ ಸರದಿಯ ಆಟವನ್ನೇ ಜಾಸ್ತಿ ಆಡಿ.

ಒಂದು ಎಚ್ಚರ: ‘ಬಾರೋ’, ‘ತಳ್ಳೋ’ ಗೆಳೆಯರಿಗೆ ಸರಿ, ದೊಡ್ಡವರಿಗೆ ‘ಬನ್ನಿ’, ‘ತಳ್ಳಿ’. ಇಂಗ್ಲಿಷಿನ ‘ಪುಶ್ ಮಿ!’ ಕ್ರಿಯಾಪದದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಅಲ್ಲಿ ‘ಪ್ಲೀಸ್’ ಸೇರಿಸಬೇಕು. ಇದನ್ನು ಮಾತ್ರ ಮೊದಲಿನಿಂದಲೇ ಹೇಳಿಕೊಡಿ.