ಹುಣಸೆಬೀಜ ಹಾಕಿದ ಮೇಲೆ ಹಾಲು ಇಳಿದಿದ್ದೇಕೆ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಹಳ್ಳಿ. ಹತ್ತು ಲೀಟರು ಹಾಲಿನ ಜೆರ್ಸಿ ಮಿಶ್ರತಳಿ ದನವಿದೆ. ಹಿಂಡಿ ದುಬಾರಿಯೆಂದು ದಿನಕ್ಕೆ ಎರಡು ಕೆಜಿ ಹುಣಸೆಬೀಜದ ಪುಡಿ ಹಾಕುತ್ತಿದ್ದೇನೆ, ಬೈಹುಲ್ಲು ಕಡಿಮೆ ಮಾಡಿ ಬಾಳೆದಿಂಡು ಕೊಡುತ್ತಿದ್ದೇನೆ. ಹಾಲು ಏಳು ಲೀಟರಿಗೆ ಇಳಿದಿದೆ, ಫ್ಯಾಟೂ ಇಳಿದಿದೆ. ಸೂರ್ಯಕಾಂತಿ ಹಿಂಡಿ ಸೇರಿಸಿದರೆ ಸರಿಹೋದೀತೇ?

ಉತ್ತರ: ಸೇರಿಸಿ, ಆದರೆ ಮೊದಲು ಹುಣಸೆಬೀಜ ಇಳಿಸಿ. ಅದರ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ತುಂಬಿದೆ. ಅದು ಹೊಟ್ಟೆಯಲ್ಲಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಪಕ್ಕದಲ್ಲಿ ಹಾಕಿದ ಒಳ್ಳೆಯ ಹಿಂಡಿಯೂ ಪೂರ್ತಿ ದಕ್ಕುವುದಿಲ್ಲ. ಸೆಗಣಿ ಕಪ್ಪಾಗಿ ಗಟ್ಟಿಯಾಗಿದ್ದರೆ, ಬಾನಿಯ ತಳದಲ್ಲಿ ಪುಡಿ ಉಳಿಯುತ್ತಿದ್ದರೆ ಇದೇ ಕಾರಣವಿರಬಹುದು.

ಸಿಪ್ಪೆ ತೆಗೆಯುವುದು ಕಷ್ಟವಲ್ಲ. ದಪ್ಪ ಕಾವಲಿಯಲ್ಲಿ ಮರಳಿನ ಜೊತೆ ನಡುಉರಿಯಲ್ಲಿ ಹುರಿಯಿರಿ. ಸಿಪ್ಪೆ ಬಿರಿದಾಗ ಇಳಿಸಿ, ಮರಳು ಜರಡಿ ಹಿಡಿದು, ಆರಿದ ಮೇಲೆ ಹಗುರವಾಗಿ ಕುಟ್ಟಿ ಗೇರಿ. ಒಳಗಿನ ಬಿಳಿ ಬೇಳೆಯನ್ನು ದಪ್ಪ ರವೆಯಂತೆ ಒಡೆಸಿ. ಇಡೀ ಬೀಜ ಹಾಕಿದರೆ ಸೆಗಣಿಯಲ್ಲೇ ಹೊರಬರುತ್ತದೆ. ನುಣ್ಣಗೆ ಮಾಡಿ ನೀರಿಗೆ ಕಲಸಿದರೆ ಗೋಂದಿನಂತೆ ಅಂಟಾಗಿ ದನ ಮೂಸಿ ಬಿಡುತ್ತದೆ. ತುಸು ಒದ್ದೆ ಮಾಡಿದರೆ ಸಾಕು.

ಇನ್ನು ಪ್ರಮಾಣ. ಹತ್ತು ಲೀಟರಿನ ದನಕ್ಕೆ ದಿನಕ್ಕೆ ಐದೂವರೆ ಕೆಜಿ ದಾಣಿ ಬೇಕು. ಅದರಲ್ಲಿ ಹುಣಸೆಬೇಳೆ ಅರ್ಧ ಕೆಜಿ ದಾಟಬಾರದು. ಇದು ಹಿಂಡಿಗೆ ಬದಲಿಯಲ್ಲ, ಜೋಳದಂತೆ ಶಕ್ತಿ ಕೊಡುವ ವಸ್ತು. ಪ್ರೋಟೀನಿನ ಪಾಲನ್ನು ಒಂದು ಕೆಜಿ ಸೂರ್ಯಕಾಂತಿ ಹಿಂಡಿ ಹೊರಲಿ. ಉಳಿದದ್ದು ಮೂರು ಕೆಜಿ ಪಶು ಆಹಾರ, ಒಂದು ಕೆಜಿ ಬೂಸಾ. ಖನಿಜ ಮಿಶ್ರಣ 50 ಗ್ರಾಂ ಬೇರೆಯಾಗಿ ಕೊಡಿ. ಸೂರ್ಯಕಾಂತಿ ಹಿಂಡಿ ಕೊಳ್ಳುವಾಗ ಒಂದು ತುಂಡು ಮುರಿದು ನೋಡಿ. ಕಪ್ಪು ಹೊಟ್ಟು ಎದ್ದು ಕಂಡರೆ ನಾರು ಹೆಚ್ಚು, ಪ್ರೋಟೀನು ಕಡಿಮೆ. ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ನಮ್ಮ ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಬೂಸ್ಟು ಬಂದದ್ದನ್ನು ತೊಳೆದು, ಒಣಗಿಸಿ ಕೊಡಬೇಡಿ, ಅದರ ವಿಷ ಹಾಲಿಗೂ ಇಳಿಯುತ್ತದೆ.

ಫ್ಯಾಟ್ ಇಳಿಯಲು ಬಾಳೆದಿಂಡೂ ಕಾರಣ. ಅದರಲ್ಲಿ ಶೇಕಡ 90ಕ್ಕಿಂತ ಹೆಚ್ಚು ನೀರು. 15 ಕೆಜಿ ತಿಂದರೂ ಒಳಗೆ ಸೇರುವ ಒಣ ಮೇವು ಒಂದು ಕೆಜಿಯ ಆಸುಪಾಸು. ಹೊಟ್ಟೆ ತುಂಬುತ್ತದೆ, ಮೆಲುಕಿಗೆ ಬೇಕಾದ ಒಣ ನಾರು ಸಿಗುವುದಿಲ್ಲ. ಬೈಹುಲ್ಲನ್ನು ಐದು ಕೆಜಿಗೆ ಏರಿಸಿ, ದಿಂಡು 10 ಕೆಜಿಗೆ ನಿಲ್ಲಿಸಿ. ಒಂದಂಗುಲಕ್ಕೆ ಕೊಚ್ಚಿಯೇ ಹಾಕಿ, ಉದ್ದ ನಾರು ಹೊಟ್ಟೆಯಲ್ಲಿ ಉಂಡೆಗಟ್ಟುವ ಭಯವಿದೆ. ಹುಳಿ ವಾಸನೆ ಬಂದ ದಿಂಡನ್ನು ಗೊಬ್ಬರಗುಂಡಿಗೆ ಹಾಕಿ.

ಹುಣಸೆಬೀಜವನ್ನು ನಾಳೆಯೇ ಅರ್ಧ ಕೆಜಿಗೆ ಇಳಿಸಿ. ಸೂರ್ಯಕಾಂತಿ ಹಿಂಡಿಯನ್ನು ಮಾತ್ರ ಕಾಲು ಕೆಜಿಯಿಂದ ಶುರುಮಾಡಿ ಹತ್ತು ದಿನದಲ್ಲಿ ಒಂದು ಕೆಜಿಗೆ ಏರಿಸಿ. ಈ ನಡುವೆ ದನ ಮೆಲುಕು ನಿಲ್ಲಿಸಿದರೆ ಅಥವಾ ಒಂದು ದಿನ ಸೆಗಣಿ ಹಾಕದಿದ್ದರೆ ಎಣ್ಣೆ ಕುಡಿಸುತ್ತ ಕಾಯಬೇಡಿ, ಪಶುವೈದ್ಯರನ್ನು ಹಟ್ಟಿಗೆ ಕರೆಸಿ.