ಸೂಚ್ಯಂಕ ಏರುತ್ತಿದೆ, ಎ-ಡಿ ಲೈನ್ ಇಳಿಯುತ್ತಿದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಸೂಚ್ಯಂಕ ಹೊಸ ದಾಖಲೆ ಬರೀತಿದೆ. ಆದರೆ ನನ್ನ ಹತ್ತಿರ ಇರೋ ಷೇರುಗಳಲ್ಲಿ ಮುಕ್ಕಾಲು ಪಾಲು ಕೆಂಪಲ್ಲೇ ಇವೆ. ಅಡ್ವಾನ್ಸ್-ಡಿಕ್ಲೈನ್ ಲೈನ್ ಕೂಡ ಎರಡು ತಿಂಗಳಿಂದ ಇಳೀತಿದೆ. ಇದು ಕುಸಿತದ ಮುನ್ಸೂಚನೆನಾ? ಈಗಲೇ ಎಲ್ಲಾ ಮಾರಿಬಿಡಲಾ?

ಉತ್ತರ: ಎಚ್ಚರಿಕೆ ಹೌದು. ಈಗಲೇ ಮಾರಿ ಎನ್ನುವ ಸಂಕೇತ ಅಲ್ಲ.

ಅಡ್ವಾನ್ಸ್-ಡಿಕ್ಲೈನ್ ಅಂದರೆ ಎ-ಡಿ ಲೈನ್ ಸರಳ ಲೆಕ್ಕ: ದಿನಾ ಏರಿದ ಷೇರುಗಳ ಸಂಖ್ಯೆಯಿಂದ ಇಳಿದವುಗಳ ಸಂಖ್ಯೆ ಕಳೆದು, ಬಂದದ್ದನ್ನು ಹಿಂದಿನ ದಿನದ ಮೊತ್ತಕ್ಕೆ ಕೂಡಿಸುತ್ತಾ ಹೋಗುವುದು. ಸೂಚ್ಯಂಕ ಏರುವುದು, ಈ ಲೈನ್ ಇಳಿಯುವುದು ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅನ್ನೋದನ್ನು ಮೊದಲು ನೋಡೋಣ. 50 ಷೇರುಗಳ ಒಂದು ಸೂಚ್ಯಂಕ ಇದೆ ಅಂದುಕೊಳ್ಳಿ. ಅದರಲ್ಲಿ ಎರಡು ದೈತ್ಯ ಕಂಪನಿಗಳದ್ದೇ 30% ತೂಕ. ಉಳಿದ 70% ತೂಕ 48 ಷೇರುಗಳಿಗೆ ಸಮನಾಗಿ ಹಂಚಿದೆ. ಒಂದು ದಿನ ದೈತ್ಯರಿಬ್ಬರೂ 4% ಏರಿದರು. ಉಳಿದವರಲ್ಲಿ 12 ಷೇರು 1% ಏರಿದವು, 36 ಷೇರು 1% ಇಳಿದವು. ದೈತ್ಯರಿಂದ ಸೂಚ್ಯಂಕಕ್ಕೆ ಸಿಕ್ಕಿದ್ದು 1.2%, ಉಳಿದವರಿಂದ ಹೋಗಿದ್ದು 0.35%. ಕೊನೆಗೆ ಸೂಚ್ಯಂಕ 0.85% ಮೇಲೆ! ಆದರೆ ಏರಿದ್ದು 14, ಇಳಿದದ್ದು 36. ಎ-ಡಿ ಲೈನ್ ಆ ದಿನ 22 ಅಂಕ ಕೆಳಗೆ ಹೋಗುತ್ತದೆ. ಸೂಚ್ಯಂಕ ದುಡ್ಡಿನ ತೂಕ ನೋಡುತ್ತದೆ, ಎ-ಡಿ ಲೈನ್ ಬರೀ ತಲೆ ಎಣಿಸುತ್ತದೆ. ಅದಕ್ಕೆ 10% ಏರಿದ ಷೇರೂ ಒಂದೇ, 0.1% ಏರಿದ ಷೇರೂ ಒಂದೇ. ಇಂಥ ದಿನಗಳು ಒಂದರ ಹಿಂದೆ ಒಂದು ಬಂದರೆ ನೀವು ಕಾಣುತ್ತಿರುವ ಚಿತ್ರವೇ ಸಿಗುತ್ತದೆ.

ಈಗ ಎಚ್ಚರಿಕೆಯ ವಿಷಯ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಎ-ಡಿ ಲೈನ್ 1998ರ ಏಪ್ರಿಲ್‌ನಲ್ಲೇ ತುದಿ ಮುಟ್ಟಿ ಇಳಿಯತೊಡಗಿತು. ಅದೇ ವರ್ಷ ಜುಲೈನಿಂದ ಆಗಸ್ಟ್ ಕೊನೆಯೊಳಗೆ ಎಸ್ ಆಂಡ್ ಪಿ 500 ಸೂಚ್ಯಂಕ ಸುಮಾರು 19% ಬಿತ್ತು. ಓಹ್, ಲೈನ್ ಹೇಳಿದ್ದೇ ಸರಿ ಅಂತ ಆಗ ಅನ್ನಿಸಿರಬೇಕು. ಆದರೆ ಸೂಚ್ಯಂಕ ಚೇತರಿಸಿಕೊಂಡು, ಆ ಜುಲೈನ ಗರಿಷ್ಠ ಮಟ್ಟಕ್ಕಿಂತಲೂ ಕಾಲು ಭಾಗಕ್ಕೂ ಜಾಸ್ತಿ ಮೇಲಕ್ಕೆ ಹೋಯಿತು. ನಿಜವಾದ ತುದಿ ಬಂದದ್ದು 2000ದ ಮಾರ್ಚ್‌ನಲ್ಲಿ. ಲೈನ್ ಇಳಿಯಿತು ಅಂತ 1998ರಲ್ಲಿ ಎಲ್ಲ ಮಾರಿದವರು ಸುಮಾರು ಎರಡು ವರ್ಷ ಸುಮ್ನೆ ಕೂತು ನೋಡಬೇಕಾಯಿತು. 2007ರಲ್ಲಿ ಅಂತರ ಚಿಕ್ಕದು: ಲೈನ್ ಜೂನ್‌ನಲ್ಲಿ ತಿರುಗಿತು, ಸೂಚ್ಯಂಕ ಅಕ್ಟೋಬರ್‌ನಲ್ಲಿ. ಹೀಗಾಗಿ ಈ ಲೈನ್ ಹಿಡಿದು ದಿನಾಂಕ ಹೇಳೋಕೆ ಆಗಲ್ಲ.

ಲೈನ್ ಸೂಚ್ಯಂಕದ ಜೊತೆಗೇ ಹೊಸ ಎತ್ತರ ಮುಟ್ಟಿದರೆ ಅದು ಏರಿಕೆಗೆ ಒಳ್ಳೆಯ ಬೆಂಬಲ ಅನ್ನುತ್ತೇವೆ. ಸಾಮಾನ್ಯವಾಗಿ ನಿಜವೇ. ಆದರೆ 2020ರ ಫೆಬ್ರವರಿಯಲ್ಲಿ ಎರಡೂ ಜೊತೆಯಾಗಿಯೇ ಮೇಲಿದ್ದವು, ಒಂದೇ ತಿಂಗಳಲ್ಲಿ ಸೂಚ್ಯಂಕ ಸುಮಾರು 34% ಕುಸಿಯಿತು. ಹೊರಗಿನಿಂದ ದಿಢೀರ್ ಬರುವ ಆಘಾತ ತಲೆ ಎಣಿಕೆಯಲ್ಲಿ ಮೊದಲೇ ಕಾಣಲ್ಲ.

ನಿಮ್ಮ ಲೈನ್ ಯಾವ ಷೇರುಗಳದ್ದು ಅಂತ ಮೊದಲು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. 50 ಷೇರುಗಳ ಸೂಚ್ಯಂಕದ ಪಕ್ಕ ಇಡೀ ಮಾರುಕಟ್ಟೆಯ ಸಾವಿರಾರು ಷೇರುಗಳ ಲೈನ್ ಇಟ್ಟರೆ, ನಿಮಗೆ ಕಾಣುವುದು ಸಣ್ಣ ಕಂಪನಿಗಳ ದುರ್ಬಲತೆ ಇರಬಹುದು. ಅದೂ ಉಪಯೋಗದ ಸಂಗತಿಯೇ, ಆದರೆ ಬೇರೆ ಪ್ರಶ್ನೆಗೆ ಉತ್ತರ. ನ್ಯೂಯಾರ್ಕ್ ಪಟ್ಟಿಯಲ್ಲಂತೂ ಬಾಂಡ್ ಫಂಡ್‌ಗಳೂ ಇವೆ, ಬಡ್ಡಿ ದರ ಬದಲಾದರೆ ಅವೇ ಲೈನನ್ನು ಎಳೆದಾಡುತ್ತವೆ.

ಸೂಚ್ಯಂಕದಲ್ಲಿರುವ ಷೇರುಗಳದ್ದೇ ಲೈನ್ ಬೇಕಿದ್ದರೆ ನೀವೇ ಮಾಡಿಕೊಳ್ಳಬಹುದು. ಸ್ಪ್ರೆಡ್‌ಶೀಟ್‌ನಲ್ಲಿ ಎರಡನೇ ಸಾಲಿನಿಂದ ಶುರು ಮಾಡಿ, ದಿನಕ್ಕೊಂದು ಸಾಲಿನಂತೆ A ಕಾಲಂಗೆ ಏರಿದವುಗಳ ಸಂಖ್ಯೆ, Bಗೆ ಇಳಿದವುಗಳ ಸಂಖ್ಯೆ ಹಾಕಿ. C1ರಲ್ಲಿ ಯಾವುದಾದರೂ ಸಂಖ್ಯೆ, 1000 ಅಂತ ಇಟ್ಟುಕೊಳ್ಳಿ. C2ರಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=C1+A2-B2
```

ಆ 1000ಕ್ಕೆ ಅರ್ಥವಿಲ್ಲ. ನೋಡಬೇಕಾದ್ದು ಲೈನ್ ಯಾವ ಕಡೆ ತಿರುಗಿದೆ ಅನ್ನೋದನ್ನು ಮಾತ್ರ.

ಆ ಲೈನ್ ಕೂಡ ಇಳಿಯುತ್ತಿದ್ದರೆ, ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಹೊಸ ದುಡ್ಡು ಹಾಕುವುದನ್ನು ನಿಧಾನ ಮಾಡುತ್ತಿದ್ದೆ, ಸಾಲ ಮಾಡಿ ಕೊಂಡ ಷೇರುಗಳನ್ನು ಮೊದಲು ಇಳಿಸುತ್ತಿದ್ದೆ. ದೊಡ್ಡ ಮಾರಾಟಕ್ಕೆ ಸೂಚ್ಯಂಕವೇ ಕೊನೆಯ ಸಣ್ಣ ಇಳಿಕೆಯ ತಳವನ್ನು ಮುರಿಯುವವರೆಗೆ ಕಾಯುತ್ತಿದ್ದೆ. ಹೀಗೆ ಕಾದರೆ ತುದಿಯ ಬೆಲೆ ಸಿಗಲ್ಲ. ಅಷ್ಟರಲ್ಲಿ ಉಳಿದ ಷೇರುಗಳು ಏಳಲು ಶುರುವಾಗಿ ಲೈನ್ ತನ್ನ ಹಿಂದಿನ ಗರಿಷ್ಠ ಮಟ್ಟವನ್ನು ದಾಟಿದರೆ, ಈ ಎಚ್ಚರಿಕೆ ಅಲ್ಲಿಗೆ ರದ್ದು.